ಇಲ್ಲದ ಲಿಫ್ಟಿಗೂ ವಾಟರ್‌ಪ್ರೂಫಿಂಗ್

ಸರ್ವಮಂಗಳಾ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೂತು ತಲೆ ನರೆಸಿಕೊಂಡವರು. ಯಾರಾದರೂ ನಯವಾಗಿ ಮಾತಾಡಿದರೆ ಸಾಕು, ಕೈ ತಾನಾಗಿ ಕನ್ನಡಕ ಹುಡುಕುತ್ತಿತ್ತು. ತಿಲಕ್ ನಗರದ ಅವರ ಹಳೆಯ ಅಪಾರ್ಟ್‌ಮೆಂಟಿನವರು ಈ ಗುಣ ಮೆಚ್ಚಿಯೇ ಅವರನ್ನು ಖಜಾಂಚಿ ಮಾಡಿದ್ದರು. ಈಗ ಅದೇ ಗುಣಕ್ಕೆ ಬೆನ್ನ ಹಿಂದೆ ಬೈಯುತ್ತಿದ್ದರು.

ಈ ಸಲ ಸೋರುತ್ತಿದ್ದದ್ದು ಅವರದೇ ಮನೆ. ಮೇಲಿನ ಮಹಡಿ, ಮಳೆ ಬಂತೆಂದರೆ ದೇವರ ಕೋಣೆಯಲ್ಲಿ ಬೇಸಿನ್ ಇಡಬೇಕು. ಮಳೆಗಾಲಕ್ಕೆ ಮುಂಚೆ ಟೆರೇಸಿನ ಕೆಲಸ ಆಗದಿದ್ದರೆ ಈ ವರ್ಷವೂ ಅವರ ಲಿಂಗಪೂಜೆ ಅಡುಗೆಮನೆಯ ಮೂಲೆಯಲ್ಲೇ. ಹಾಗಾಗಿ ಅವರು ಕಣ್ಣು ಮುಚ್ಚಿ ಸಹಿ ಹಾಕುತ್ತಾರೆಂದು ಎಲ್ಲರೂ ಎಣಿಸಿದ್ದರು.

ಕಾರ್ಯದರ್ಶಿ ಅನಂತಪದ್ಮನಾಭ ಅವರಿಗೆ ಯಾವ ಸಭೆಯಾದರೂ ಕಾಫಿ ಆರುವ ಮೊದಲೇ ಮುಗಿಯಬೇಕು. ಕಂಟ್ರಾಕ್ಟರ್ ಗುರುಬಸಪ್ಪನ ಕೊಟೇಶನ್ನಿಗೆ ಕಮಿಟಿಯ ಉಳಿದವರೆಲ್ಲರ ಸಹಿ ಅವರು ಆಗಲೇ ಹಾಕಿಸಿದ್ದರು. ಓದಿದವರು ಯಾರೂ ಇಲ್ಲ. ಇಷ್ಟು ಓದಿಕೊಂಡ ಜನ ಒಂದು ಹಾಳೆ ಓದಲು ಇಷ್ಟು ಸೋಮಾರಿಗಳಾಗುವುದು ಹೇಗೆ ಎಂದು ಸರ್ವಮಂಗಳಾಗೆ ಮೈ ಉರಿಯಿತು.

"ನಿಮ್ಮನೇನೇ ಸೋರ್ತಿರೋದು ಮೇಡಂ. ಬೇಗ ಒಂದು ಸಹಿ ಹಾಕ್ಬಿಡಿ," ಎಂದು ಅನಂತಪದ್ಮನಾಭ ಕೊಟೇಶನ್ ಅವರ ಮುಂದಿಟ್ಟರು.

ಪಕ್ಕದಲ್ಲಿ ಗುರುಬಸಪ್ಪ ಹಲ್ಲು ಕಿರಿದ. "ಅಕ್ಕಾರು ನಮ್ ಕಡೆಯೋರೇ ಸಾರ್. ಬೇಡ ಅಂತಾರಾ?"

ಅಕ್ಕಾರು ಕನ್ನಡಕ ಏರಿಸಿದರು. 'ಟೆರೇಸ್ ವಾಟರ್‌ಪ್ರೂಫಿಂಗ್, ಲಿಫ್ಟ್ ರೂಮ್ ಸಮೇತ, ಇತ್ಯಾದಿ.' ಅದರ ಮುಂದೆ ಒಂದೇ ಒಂದು ಒಟ್ಟು ಮೊತ್ತ.

"ಸಾರ್, ನಮ್ಮ ಲಿಫ್ಟ್ ಎಲ್ಲಿದೆ?"

ಅನಂತಪದ್ಮನಾಭ ಇಷ್ಟು ವರ್ಷದಿಂದ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದವರು. ಗುರುಬಸಪ್ಪನ ಮುಖ ನೋಡಿದರು. ಬೇರೆ ಯಾವುದೋ ಬಿಲ್ಡಿಂಗಿಗೆ ಬರೆದದ್ದರ ಮೇಲೆ ಇವರ ಅಪಾರ್ಟ್‌ಮೆಂಟಿನ ಹೆಸರು ಕೂರಿಸಿ ತಂದಿದ್ದ ಭೂಪ. ಅಂದರೆ ಆ ಮೊತ್ತವೂ ಬೇರೆ ಯಾರದ್ದೋ ಟೆರೇಸಿನದು.

"ಅಳತೆ ಎಲ್ಲಿ? ಹಳೇ ಕೋಟಿಂಗ್ ಕಿತ್ತು, ಆ ಕಸ ಕೆಳಗಿಳಿಸೋರು ಯಾರು? ನೀರು ಹೋಗೋ ಪೈಪಿನ ಬಾಯಿ, ಪ್ಯಾರಪೆಟ್ ಗೋಡೆ ಬುಡ, ಎಲ್ಲಾ ಈ ಇತ್ಯಾದಿ ಒಳಗಿದ್ಯಾ?"

"ಎಲ್ಲಾ ಮಾಡ್ಕೊಡ್ತೀನಿ ಅಕ್ಕಾರೆ."

"ಬಾಯಲ್ಲಿ ಅರಮನೇನೂ ಕಟ್ಟಬಹುದು. ಬರೆದುಕೊಡಿ. ಕೆಳಗೆ ಟ್ಯಾಕ್ಸ್ ಎಕ್ಸ್‌ಟ್ರಾ ಅಂತಿದೆ. ಜಿಎಸ್‌ಟಿ ನಂಬರ್ ಇದ್ಯಾ?"

"ಇಲ್ಲ... ಅಷ್ಟು ವಹಿವಾಟು ಇಲ್ಲ ನಮ್ದು."

"ನಂಬರೇ ಇಲ್ಲದೋರು ನಮ್ಮಿಂದ ಜಿಎಸ್‌ಟಿ ಹೇಗ್ರೀ ತಗೋತೀರ? ತಗೊಳ್ಳೋ ಹಾಗೇ ಇಲ್ಲ. ಈ ಸಾಲು ಹೊಡೆದು ಹಾಕಿ, ಎಲ್ಲಾ ಸೇರಿ ಇಷ್ಟು ಅಂತ ಬರೀರಿ."

ಕೊನೆಯ ಸಾಲು ಇನ್ನೂ ಚೆಂದ. ಅರ್ಧ ಅಡ್ವಾನ್ಸ್, ಉಳಿದದ್ದರಲ್ಲಿ ಬಹುಪಾಲು ಕೆಲಸ ನಡೆಯುವಾಗ, ಚೂರುಪಾರು ಮುಗಿದ ಮೇಲೆ. ನಡೆಯುವಾಗ ಎಂದರೆ ಮೊದಲ ಡಬ್ಬ ಮೆಟ್ಟಿಲು ಹತ್ತಿದಾಗಲೋ? ಮುಗಿಯಿತು ಎಂದು ಹೇಳುವವರು ಯಾರು? ಸರ್ವಮಂಗಳಾ ಎರಡನ್ನೂ ಬಿಡಿಸಿ ಬರೆಸಿದರು. ಸಾಮಾನು ಬಂದಾಗ ಇಷ್ಟು, ಕೋಟಿಂಗ್ ಆದಾಗ ಇಷ್ಟು. ಕಡೆಯ ಕಾಲು ಭಾಗ, ಟೆರೇಸ್ ತುಂಬ ನೀರು ಕಟ್ಟಿ ಎರಡು ದಿನ ಬಿಟ್ಟು, ಕೆಳಗೆ ಒಂದು ಹನಿಯೂ ಬೀಳದಿದ್ದ ಮೇಲೆ ಮಾತ್ರ.

"ಎಷ್ಟು ಕೊಂಕು ತೆಗೀತೀರ ಮೇಡಂ! ಇವರು ಕೆಲಸ ಬಿಟ್ಟು ಹೋದ್ರೆ ಬೇಸಿನ್ ಇಡೋದು ನೀವೇ," ಎಂದರು ಅನಂತಪದ್ಮನಾಭ. ಆ ಮಾತು ನಾಟಿತು. ಅಂದು ಎದ್ದು ಹೋದ ಗುರುಬಸಪ್ಪ ಅಳತೆಪಟ್ಟಿ ಹಿಡಿದು ತಿರುಗಿ ಬರುವವರೆಗೂ ಸರ್ವಮಂಗಳಾಗೆ ಊಟ ರುಚಿಸಲಿಲ್ಲ. ಅಷ್ಟರಲ್ಲಿ ಒಂದು ಮಳೆ ಸುರಿದು, ಬೇಸಿನ್ ಕೂಡ ತುಂಬಿತು.

ಬಿಸಿಲು ನೋಡಿಕೊಂಡು ಕೆಲಸ ನಡೆಯಿತು. ಟೆರೇಸಿನಲ್ಲಿ ನೀರು ಕಟ್ಟಿದ ಮರುದಿನವೇ ಅನಂತಪದ್ಮನಾಭ ಕಡೆಯ ಚೆಕ್ಕಿಗೆ ತಮ್ಮ ಸಹಿ ಹಾಕಿ, ಗುರುಬಸಪ್ಪನನ್ನೂ ಕರೆದುಕೊಂಡು ಮೇಲೆ ಬಂದರು. ಖಜಾಂಚಿಯ ಸಹಿ ಇಲ್ಲದೆ ಆ ಚೆಕ್ ನಡೆಯುವುದಿಲ್ಲ.

"ಮುಗೀತಲ್ಲ ಮೇಡಂ, ಪಾಪ, ಕೊಟ್ಟು ಕಳಿಸೋಣ."

ಸರ್ವಮಂಗಳಾ ಇಬ್ಬರನ್ನೂ ದೇವರ ಕೋಣೆಗೆ ಕರೆದೊಯ್ದು, "ಅಲ್ಲಿ ಸ್ವಲ್ಪ ನಿಂತ್ಕೊಳ್ಳಿ ಸಾರ್," ಎಂದರು. ಅನಂತಪದ್ಮನಾಭ ಮೂಲೆಯಲ್ಲಿ ನಿಂತರು. ತುಸು ಹೊತ್ತಿಗೆ ಅವರ ಬೋಳುತಲೆಯ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಅವರು ತಲೆ ಮುಟ್ಟಿಕೊಂಡರು, ಇನ್ನೊಂದು ಬಿತ್ತು.

ಗುರುಬಸಪ್ಪ ಚಾವಣಿ ನೋಡಿದ, ನೆಲ ನೋಡಿದ. "ಪೈಪಿನ ಬಾಯಿ ಹತ್ರ ಇರ್ಬೇಕು ಅಕ್ಕಾರೆ. ನಾಳೆ ನೀರು ಇಳಿಸಿ ಮತ್ತೆ ಮಾಡ್ತೀನಿ."

"ಮಾಡಿ. ನೀರು ಮತ್ತೆ ಕಟ್ಟೋಣ."

ಅವನು ಇಳಿದು ಹೋದ. ಅನಂತಪದ್ಮನಾಭ ಕರ್ಚೀಫಿನಿಂದ ತಲೆ ಒರೆಸಿಕೊಂಡು, ಚೆಕ್ಕನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು.

"ಮೇಡಂ, ಆ ಕೊಟೇಶನ್ ಒಂದ್ಸಲ ಕೊಡ್ತೀರಾ?" ಎಂದರು. "ನಾನಿನ್ನೂ ಓದಿಲ್ಲ."