ಹನ್ನೆರಡನೇ ಬೋಗಿಯ ಕಿಟಕಿ ಸೀಟು

ನಗೊಯಾ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಇಪ್ಪತ್ತೇಳು ವರ್ಷದಿಂದ ಊಟದ ಡಬ್ಬಿ ಮಾರುತ್ತಿದ್ದ ತೊಮೊಎ ಕಜಿಗೆ ಅಂಟಿಕೊಂಡ ಚಟ ಒಂದೇ: ಬೇರೆಯವರ ಟಿಕೆಟ್ ಓದುವುದು. ಪರದೇಶಿಗಳು ಕಕ್ಕಾಬಿಕ್ಕಿಯಾಗಿ ನಿಂತಿದ್ದರೆ ಸಾಕು, ಗಿರಾಕಿಯನ್ನೂ ಬಿಟ್ಟು ಓಡುತ್ತಿದ್ದಳು. ಬೋಗಿ, ಸಾಲು, ಸೀಟಿನ ಅಕ್ಷರ ಮೂರೂ ಇದ್ದರೆ ಅದು ಕಾದಿರಿಸಿದ ಸೀಟು. ಅವಿಲ್ಲದೆ 自 ಎಂಬ ಗುರುತಿದ್ದರೆ ಕಾದಿರಿಸದ ಸೀಟು. ಅಂಥವರಿಗೆ ಹಿಕಾರಿ ರೈಲಾದರೆ ಒಂದರಿಂದ ಐದರವರೆಗಿನ ಬೋಗಿ. ಇಂಗ್ಲಿಷ್ ಬಾರದಿದ್ದರೂ ಅವಳಿಗೆ ಐದು ಬೆರಳಿದ್ದವು.

ಗಂಡ ಸತ್ತು ಒಂಬತ್ತು ವರ್ಷವಾಗಿತ್ತು. ಟೋಕಿಯೊದಲ್ಲಿದ್ದ ಮಗಳು ಚಿನತ್ಸು ಈ ಅಕ್ಟೋಬರಿನಲ್ಲಿ ಒಂದು ಹುನ್ನಾರ ಹೂಡಿದಳು. ಗೆಳತಿಯ ತಂದೆ ಉಗಾಯಿ, ಕ್ಯೋಟೊದಲ್ಲಿ ಕಾಗದದ ಬಾಗಿಲು ದುರಸ್ತಿ ಮಾಡುವ ವಿಧುರ, ಅಮ್ಮ ತನ್ನಲ್ಲಿಗೆ ಬರುವ ದಿನವೇ ಟೋಕಿಯೊಗೆ ಬರುವವರಿದ್ದರು. ಇಬ್ಬರಿಗೂ ಅಕ್ಕಪಕ್ಕದ ಸೀಟು: ಹನ್ನೆರಡನೇ ಬೋಗಿ, ಏಳನೇ ಸಾಲು, ಅವರಿಗೆ ಡಿ, ಅಮ್ಮನಿಗೆ ಕಿಟಕಿಯ ಇ.

"ಅಮ್ಮಾ, ಒಂದೇ ಒಂದು ದಿನ ನಿನ್ನ ಸೀಟಲ್ಲಿ ನೀನು ಕೂತ್ಕೋ. ಊರೋರ ಟಿಕೆಟ್ ಮುಟ್ಟಬೇಡ," ಎಂದು ಫೋನಿನಲ್ಲಿ ಆಣೆ ಮಾಡಿಸಿಕೊಂಡಿದ್ದಳು.

ತೊಮೊಎ ಒಪ್ಪಿಕೊಂಡಿದ್ದಳು. ಒಂಟಿ ಊಟ ಅವಳಿಗೆ ನಿಜವಾಗಿಯೂ ಸಾಕಾಗಿತ್ತು. ತನ್ನ ಅಂಗಡಿಯ ಎರಡು ಡಬ್ಬಿ ಹಿಡಿದು ಹಿಕಾರಿ ರೈಲು ಹತ್ತಿದಳು.

ಅವಳ ಸೀಟಿನಲ್ಲಿ ದಪ್ಪನೆಯ ಪರದೇಶಿ ಅಜ್ಜಿಯೊಬ್ಬಳು ಆರಾಮಾಗಿ ಕೂತು ಕಿತ್ತಳೆ ತಿನ್ನುತ್ತಿದ್ದಳು. ಪಕ್ಕದಲ್ಲಿ ಸಣಕಲು ದೇಹದ ಉಗಾಯಿ ಇನ್ನೊಂದು ಕಿತ್ತಳೆ ಸುಲಿದು ಕೊಡುತ್ತಿದ್ದರು. ತೊಮೊಎಯನ್ನು ಕಂಡವರೇ ಎದ್ದು ನಡು ಬಗ್ಗಿಸಿ ವಂದಿಸಿ, ಕ್ಯೋಟೊದಿಂದಲೂ ಈಯಮ್ಮ ಇಲ್ಲೇ ಇದ್ದಾರೆ, ಏಳಿ ಅನ್ನಲು ಬಾಯಿ ಬರಲಿಲ್ಲ, ಅದಕ್ಕೇ ಕಿತ್ತಳೆ ಕೊಟ್ಟೆ ಎಂದು ಪಿಸುಗುಟ್ಟಿದರು. ಸುತ್ತಲಿನವರೆಲ್ಲ ಇದನ್ನು ಕಂಡೂ ಕಾಣದವರಂತೆ ಫೋನು ನೋಡುತ್ತಿದ್ದರು. ನಮ್ಮ ಜನವೇ ಹಾಗೆ. ಸೀಟು ಹೋದರೂ ಪರವಾಗಿಲ್ಲ, ಎದುರಿನವರ ಮುಖ ಸಣ್ಣದಾಗಬಾರದು.

ತೊಮೊಎ ಅಜ್ಜಿಯ ಮುಂದೆ ಅಂಗೈ ಚಾಚಿದಳು. ಟಿಕೆಟ್ ಕೈಗೆ ಬಂತು. ಸೀಟಿನ ನಂಬರೇ ಇರಲಿಲ್ಲ, 自 ಇತ್ತು. ಅಜ್ಜಿ ಬೆರಳಿಟ್ಟು ತೋರಿಸಿದ ಹನ್ನೆರಡು ಬೋಗಿಯದಾಗಿರಲಿಲ್ಲ, ಅವತ್ತಿನ ತಾರೀಖು. ತೊಮೊಎ ಹಿಂದಿನ ಬೋಗಿಗಳ ಕಡೆ ಕೈ ತೋರಿಸಿ ಐದು ಬೆರಳೆತ್ತಿದಳು. ಅಜ್ಜಿಗೆ ಅರ್ಥವಾಯಿತು, ಆದರೆ ಗಾಬರಿಯಿಂದ ಕಣ್ಣು ತುಂಬಿಕೊಂಡಳು. ಇನ್ನೇನು ಮಾಡುವುದು? ಹುಟ್ಟುಗುಣ ಸುಟ್ಟರೂ ಹೋಗದು. ಡಬ್ಬಿಗಳನ್ನು ಸೀಟಿನ ಮೇಲಿಟ್ಟು, ಐದೇ ನಿಮಿಷ ಎಂದು ಉಗಾಯಿಗೆ ಹೇಳಿ, ಅಜ್ಜಿಯ ಚೀಲ ಎತ್ತಿಕೊಂಡು ಹೊರಟಳು.

ಐದನೇ ಬೋಗಿಯಲ್ಲಿ ಅಜ್ಜಿಗೊಂದು ಸೀಟು ಹುಡುಕುವಷ್ಟರಲ್ಲಿ ಸಾಕುಸಾಕಾಯಿತು. ಹೊರಳಿದರೆ ಬಾಗಿಲ ಬಳಿ ನಿಂತಿದ್ದ ಪರದೇಶಿ ದಂಪತಿ ತಮ್ಮ ಟಿಕೆಟುಗಳನ್ನೂ ಚಾಚಿದರು. ಹದಿನೈದನೇ ಬೋಗಿಯಲ್ಲಿ ಕಾದಿರಿಸಿದ ಸೀಟಿಟ್ಟುಕೊಂಡು ಪುಣ್ಯಾತ್ಮರು ಒಸಾಕಾದಿಂದ ನಿಂತೇ ಬಂದಿದ್ದರು! ಅವರನ್ನು ಸಾಗಹಾಕಿದರೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಹಮಮತ್ಸು ಹೋಯಿತು. ಶಿಜುಒಕಾ ಬಂದು ರೈಲು ಮತ್ತೆ ಹೊರಟಾಗ ಅವಳಿಗೆ ಜ್ಞಾನೋದಯವಾಯಿತು. ಐದು ನಿಮಿಷ ಅಂದವಳು ಒಂದು ಗಂಟೆ ನಾಪತ್ತೆ. ಒಲ್ಲದ ಗಂಡಸನ್ನು ಕಂಡು ಓಡಿಹೋದಳು ಅಂದುಕೊಂಡಿರುತ್ತಾರೆ. ಕೈಯಾರೆ ಕೆಡಿಸಿಕೊಂಡೆನಲ್ಲ ಎಂದು ಅವಳಿಗೆ ಅಳುವೇ ಬಂತು. ಯಾವ ಮುಖ ಹೊತ್ತು ಹಿಂದಿರುಗುವುದೆಂದು ಕಾಲೇಳದೆ ನಿಂತಳು.

ಆಗ ಬೋಗಿಯ ಬಾಗಿಲು ಸರಿಯಿತು. ಏಳು ಬೋಗಿ ದಾಟಿ ಬಂದ ಉಗಾಯಿ, ಎರಡೂ ಡಬ್ಬಿಗಳನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತಿದ್ದರು. ಅವಳ ಮುಂದೆ ನಿಂತು, ಜೇಬಿನಿಂದ ಟಿಕೆಟ್ ತೆಗೆದು ಎರಡೂ ಕೈಯಲ್ಲಿ ಚಾಚಿದರು.

"ನನ್ನದೂ ಒಂಚೂರು ನೋಡ್ತೀರಾ?"

ಅವಳು ಅಭ್ಯಾಸಬಲದಿಂದ ಓದಿಯೇಬಿಟ್ಟಳು. "ಹನ್ನೆರಡನೇ ಬೋಗಿ, ಏಳು, ಡಿ. ನಿಮ್ಮದು ಕಾದಿರಿಸಿದ್ದು. ಇಲ್ಲೇನು ಮಾಡ್ತಿದೀರಿ?"

ಕ್ಯೋಟೊದಿಂದ ನಗೊಯಾದವರೆಗೆ ಒಂದು ಮಾತು ಹೇಳಲಾಗದ ಮನುಷ್ಯ ಕಿವಿಯವರೆಗೆ ಕೆಂಪಾದರು.

"ಪಕ್ಕದ ಸೀಟು ಇನ್ನೂ ಖಾಲಿ ಇದೆ," ಎಂದರು. "ಯಾರಾದ್ರೂ ಬಂದು ಕೂತ್ರೆ ಈ ಸಲ ಏಳಿ ಅಂತ ಹೇಳೇಬಿಡ್ತೀನಿ."