ರುಬಿಯಾ ಮನೆಯ ಬಾಲ್ಕನಿ ಗಾಜು

ಇಲಿಯಾಸ್ ಜೊತೆ ಚಹಾ ಕುಡಿಯುವುದೆಂದರೆ ನನಗೆ ತಲೆನೋವು. ಕಲಘಟಗಿಯಲ್ಲಿ ಅವನ ಗಾಜಿನ ಅಂಗಡಿಗೆ ಹತ್ತಿಕೊಂಡೇ ನನ್ನ ವೆಲ್ಡಿಂಗ್ ಶೆಡ್ ಇದೆ. ಎದುರಿನ ಹೋಟೆಲಿನಲ್ಲಿ ಕೂತರೆ ಅವನ ಕಣ್ಣು ಕಪ್ಪಿನ ಮೇಲಿರುವುದಿಲ್ಲ, ಬಾಗಿಲ ಗಾಜಿನ ಮೂಲೆಯ ಮೇಲಿರುತ್ತದೆ. ಅಲ್ಲಿ ಗಟ್ಟಿ ಗಾಜೆಂಬ ಕಾರ್ಖಾನೆಯ ಮುದ್ರೆ ಕಾಣದಿದ್ದರೆ ಮಾಲೀಕನ ತಲೆ ತಿಂದೇ ಏಳುತ್ತಾನೆ. ಹಾಗಂತ ದುಬಾರಿ ಗಾಜು ತಲೆಗೆ ಕಟ್ಟುವವನಲ್ಲ. ಸಣ್ಣ ಕಿಟಕಿಗೆ ಐದು ಎಂಎಂ ಸಾದಾ ಗಾಜು ಸಾಕು ಎಂದು ತಾನೇ ಗಿರಾಕಿಯನ್ನು ತಡೆಯುತ್ತಾನೆ. ಮನುಷ್ಯರು ಒರಗಿ ನಿಲ್ಲುವ ಕಡೆ ಮಾತ್ರ ಅವನು ಯಾರ ಮಾತನ್ನೂ ಕೇಳುವುದಿಲ್ಲ.

ಕಳೆದ ವರ್ಷ ಈ ಹಟ ಅವನ ಅಕ್ಕ ರುಬಿಯಾಳ ಮನೆಯಲ್ಲೇ ಎದ್ದಿತು. ತಂಬೂರು ಊರಿನಲ್ಲಿರುವ ಅವಳ ಮನೆಗೆ ಮೇಲೊಂದು ಮಹಡಿ ಏರಿಸಿದ್ದರು. ಮಗಳು ನಸ್ರೀನಳ ನಿಕಾಹ್ ಮನೆ ಮುಂದೆಯೇ. ಮದುಮಗ ಬರುವುದನ್ನು ಹೆಂಗಸರೆಲ್ಲ ನೋಡುವುದು ಬಾಲ್ಕನಿಯಿಂದ. ಕಿಟಕಿಗಳಿಗೆ ಇಲಿಯಾಸ್ ಸಾದಾ ಗಾಜು ಹಾಕಿದ. ಪಡಸಾಲೆಯಲ್ಲಿ ನೆಲದಿಂದಲೇ ಶುರುವಾಗುವ ದೊಡ್ಡ ಕಿಟಕಿಗೆ ಹತ್ತು ಎಂಎಂ ಟಫನ್ ಗಾಜು, ಅಂದರೆ ಭಟ್ಟಿಯಲ್ಲಿ ಕಾಸಿ ಗಟ್ಟಿ ಮಾಡಿದ್ದು. ಬಾಲ್ಕನಿಗೆ ಅಂಥದ್ದೇ ಆರಾರು ಎಂಎಂನ ಎರಡು ಗಾಜು, ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಬೆಸೆದದ್ದನ್ನು ಹುಬ್ಬಳ್ಳಿಯಲ್ಲಿ ಅಳತೆ ಕೊಟ್ಟು ಮಾಡಿಸಿದ.

ಗಾಜು ಬಂತು. ಜಾಗಕ್ಕೆ ಕೂರಲಿಲ್ಲ. ಅಳತೆ ತೆಗೆದ ಮೇಲೆ ರುಬಿಯಾಳ ಗಂಡ ಸಾಧಿಕ್ ಎರಡೂ ಬದಿಯ ಕಂಬಕ್ಕೆ ಚೆಂದ ಕಾಣಲೆಂದು ಗ್ರ್ಯಾನೈಟ್ ಹಚ್ಚಿಸಿ ಜಾಗ ಕಿರಿದು ಮಾಡಿದ್ದ. ಒಂದು ಮಾತೂ ಹೇಳಿರಲಿಲ್ಲ.

“ಅಂಚ ಇಷ್ಟ ಕೊಯ್ಯಲೇ ಇಲಿಯಾಸ್. ಗಾಜ ಕೊಯ್ಯೂದ ನಿನ್ನ ಉದ್ಯೋಗ ಅಲ್ಲೇನು?” ಎಂದ ಸಾಧಿಕ್.

“ಇದನ್ನ ಕೊಯ್ಯಾಕ ಬರೂದಿಲ್ರಿ ದುಲ್ಹಾಭಾಯಿ. ಮೊದಲ ಕೊಯ್ದು ಆಮ್ಯಾಲ ಭಟ್ಟಿಗಿ ಹಾಕ್ತಾರ. ಈಗ ಕೊಯ್ಯಾಕ ಹ್ವಾದ್ರ ಪೂರಾ ಪುಡಿ ಆಗತೈತಿ. ಗ್ರ್ಯಾನೈಟ್ ಕೀಳೂಣು.”

ಗ್ರ್ಯಾನೈಟ್ ಕೀಳಲು ಸಾಧಿಕ್ ಒಪ್ಪಲಿಲ್ಲ. ಹೊಸದು ಮಾಡಿಸಿದರೆ ನಿಕಾಹ್ ಮುಗಿದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಕಬ್ಬಿಣದ ಪೈಪು ಬೆಸೆದುಕೊಡುತ್ತೇನೆ, ದುಡ್ಡೂ ಬೇಡ ಎಂದೆ ನಾನು.

“ಬ್ಯಾಡ ಪ್ರಭು, ಎಮ್ಮಿ ಕೊಟ್ಟಿಗಿ ಕಂಡಂಗ ಕಾಣತೈತಿ,” ಎಂದಳು ರುಬಿಯಾ. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಸಾಧಿಕ್ ಬೇರೆ ಫಿಟರುಗಳನ್ನು ಕರೆಸಿ ಹನ್ನೆರಡು ಎಂಎಂ ಸಾದಾ ಗಾಜು ನಿಲ್ಲಿಸಿಬಿಟ್ಟ. ಮೇಲೆ ಹಿಡಿಯಲು ಪಟ್ಟಿಯೂ ಇಲ್ಲ.

“ನಿಂದು ತೆಳ್ಳಗಿನ ಎರಡು ಅಂಟಿಸಿದ್ದು. ಇದು ಒಂದ, ಅಗದಿ ದಪ್ಪ,” ಎಂದು ತಟ್ಟಿ ತೋರಿಸಿದ.

“ದಪ್ಪ ಇದ್ದರ ಏನಾತ್ರಿ? ಇದು ಒಡದ್ರ ಕುಡಗೋಲಿನಂಥಾ ಚೂರು ಕೆಳಗ ಬೀಳತಾವು, ಒರಗಿ ನಿಂತವ್ರೂ ಬೀಳತಾರ. ನಂದು ಒಂದ ಒಡದ್ರ ಇನ್ನೊಂದು ತಡೀತಿತ್ತು, ಚೂರೂ ಹಾಳಿಗಿ ಅಂಟಿರತಿದ್ವು.”

“ಮದವಿ ಮನ್ಯಾಗ ಅಪಶಕುನ ಆಡಬ್ಯಾಡ,” ಎಂದಳು ರುಬಿಯಾ.

ನಿಕಾಹ್ ದಿನ ಪೆಂಡಾಲಿನಲ್ಲಿ ಇಲಿಯಾಸ್ ಕಾಣಲಿಲ್ಲ. ತಲೆಯೆತ್ತಿ ನೋಡಿದರೆ ಬಾಲ್ಕನಿಯಲ್ಲಿ, ಹೆಂಗಸರ ನಡುವೆ, ಗಾಜಿಗೆ ಒಂದು ಮೊಳ ದೂರ ಬಿಟ್ಟು ಎರಡೂ ಕೈ ಚಾಚಿ ನಿಂತಿದ್ದ. ಮುಂದಕ್ಕೆ ನುಗ್ಗುತ್ತಿದ್ದವರನ್ನು ಹಿಂದಕ್ಕೆ ತಳ್ಳುತ್ತಿದ್ದ. ಬೀಗರ ಕಡೆಯ ಮುದುಕಿಯೊಬ್ಬಳು, ಹೆಂಗಸರಾಗ ನಿನಗೇನು ಕೆಲಸ ಎಂದು ಬೈದದ್ದು ಕೆಳಗಿನ ನಮಗೂ ಕೇಳಿಸಿತು. ಜನ ನಕ್ಕರು. ನನಗೂ ನಾಚಿಕೆಯಾಯಿತು, ಅವನ ಮೇಲೆ ಸಿಟ್ಟೂ ಬಂತು. ಎತ್ತಿ ಆಡಿಸಿದ ಅಕ್ಕನ ಮಗಳ ನಿಕಾಹ್ ಓದಿದಾಗಲೂ ಅವನು ಕೆಳಗಿಳಿಯಲಿಲ್ಲ.

ಏನೂ ಒಡೆಯಲಿಲ್ಲ.

ಊಟ ಮುಗಿದ ಮೇಲೆ ಸಾಧಿಕ್ ನನ್ನನ್ನೂ ಕರೆದುಕೊಂಡು ಮೇಲೆ ಹತ್ತಿದ. ಬಾಲ್ಕನಿ ಖಾಲಿಯಾಗಿತ್ತು. ಇಲಿಯಾಸ್ ಅಲ್ಲೇ ಗೋಡೆಗೆ ಒರಗಿ ಕೂತಿದ್ದ.

“ಏನಾತಲೇ? ಇಷ್ಟ ಮಂದಿ ನಿಂತ್ರು. ಒಡೀತೇನು?” ಎಂದು ಸಾಧಿಕ್ ಗಾಜಿಗೆ ಅಂಗೈಯಿಂದ ಹೊಡೆದ.

ಒಡೆದಿದ್ದರೆ ಇಲಿಯಾಸನ ಮಾತು ನಿಜವಾಗುತ್ತಿತ್ತು. ಒಡೆಯಬಾರದೆಂದೇ ಅವನು ದಿನವಿಡೀ ನಿಂತಿದ್ದ.

ಅಷ್ಟರಲ್ಲಿ ರುಬಿಯಾ ತಮ್ಮನಿಗೆ ಬಿರಿಯಾನಿಯ ತಾಟು ತಂದಳು. ಅವನ ಮುಂದಿಟ್ಟು, ದಣಿದ ಬೆನ್ನನ್ನು ಗಾಜಿಗೆ ಆನಿಸಲು ಹೋದಳು.

“ಆಪಾ, ಬ್ಯಾಡ.”

ಅವಳು ನಿಂತಳು. ಗಾಜನ್ನು ನೋಡಿದಳು, ಅವನನ್ನು ನೋಡಿದಳು.

“ನಾಳಿಂದ ಇಲ್ಲೆ ಯಾರು ನಿಲ್ತಾರೋ ಇಲಿಯಾಸ್?” ಎಂದಳು, ಗಾಜಿನಿಂದ ಒಂದು ಹೆಜ್ಜೆ ಹಿಂದೆ ಸರಿದು.

ಬಿರಿಯಾನಿ ಆರುತ್ತಿತ್ತು. ಅವನು ಕೈ ಹಾಕಲಿಲ್ಲ.