ಮಾರುಕಟ್ಟೆಗೆ ಬಾರದ ಷೇರುಗಳು

ನನಗೆ ಆ ಕೆಲಸ ಸಿಕ್ಕಿದ್ದು ತಂಗಿಯಿಂದ. ನಾನು ಓದಿದ್ದು ಒಂಬತ್ತನೇ ತರಗತಿಯವರೆಗೆ. ಕಾಪುವಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಹನ್ನೊಂದು ವರ್ಷ ಟೈಪಿಂಗ್ ಮಾಡಿದ್ದೆ. ಅಂಕಿ ಹೊಡೆಯುವುದರಲ್ಲಿ ನನ್ನ ಕೈ ತಪ್ಪುವುದಿಲ್ಲ ಎಂಬುದೊಂದೇ ನನ್ನ ಯೋಗ್ಯತೆ. ಬಿ.ಕಾಂ. ಮುಗಿಸಿದ ತಂಗಿ ಮಣಿಪಾಲದ ಒಂದು ಸಣ್ಣ ಕಂಪನಿಗೆ ಸೇರಿ ಆರು ವರ್ಷವಾಗಿತ್ತು. ಮುಂಬೈಯಲ್ಲಿ ಷೇರು ಸೂಚ್ಯಂಕಗಳನ್ನು ತಯಾರಿಸುವ ಒಂದು ಸಂಸ್ಥೆಗೆ ಬೇಕಾದ ಅಂಕಿಗಳನ್ನು ಸಿದ್ಧಪಡಿಸಿ ಕೊಡುವುದು ಆ ಕಂಪನಿಯ ಕೆಲಸ. ಅವಳ ತಂಡದಲ್ಲಿ ಒಂದು ಜಾಗ ಖಾಲಿಯಾದಾಗ ಮ್ಯಾನೇಜರ್ ಹತ್ತಿರ ಹೋಗಿ, "ನನ್ನ ಅಣ್ಣ ಇದ್ದಾನೆ ಸರ್, ಡಿಗ್ರಿ ಇಲ್ಲ, ಆದರೆ ಕೆಲಸದಲ್ಲಿ ನಿಯತ್ತು ಉಂಟು" ಎಂದಿದ್ದಳಂತೆ. ಇದನ್ನು ನನಗೆ ಹೇಳಿದ್ದು ಮ್ಯಾನೇಜರ್, ಅದೂ ಮೊದಲ ದಿನವೇ.

ಕೆಲಸ ಸುಲಭವಾಗಿತ್ತು. ಸೂಚ್ಯಂಕದಲ್ಲಿ ಐವತ್ತೋ ನೂರೋ ಕಂಪನಿಗಳಿರುತ್ತವೆ. ಯಾವುದಕ್ಕೆ ಎಷ್ಟು ತೂಕ ಎಂದು ತೀರ್ಮಾನವಾಗಬೇಕು. ನಾನು ಸೇರಿದಾಗ ನಮ್ಮ ಗಿರಾಕಿಯಾದ ಆ ಮುಂಬೈ ಸಂಸ್ಥೆಯ ಒಂದು ಸೂಚ್ಯಂಕದಲ್ಲಿ ಹಳೆಯ ಲೆಕ್ಕವೇ ನಡೆಯುತ್ತಿತ್ತು. ಕಂಪನಿಯ ಒಟ್ಟು ಷೇರುಗಳನ್ನು ಆ ದಿನದ ಬೆಲೆಯಿಂದ ಗುಣಿಸಿದರೆ ಪೂರ್ಣ ಮಾರುಕಟ್ಟೆ ಮೌಲ್ಯ. ಆ ಮೌಲ್ಯ ದೊಡ್ಡದಿದ್ದಷ್ಟು ತೂಕ ಹೆಚ್ಚು. ನಾನು ಒಟ್ಟು ಷೇರಿನ ಸಂಖ್ಯೆ ತುಂಬಿಸುತ್ತಿದ್ದೆ, ತಂಗಿ ಪರಿಶೀಲಿಸಿ ಸಹಿ ಹಾಕುತ್ತಿದ್ದಳು.

ಒಂದು ವರ್ಷದ ಮೇಲೆ ಗಿರಾಕಿ ಈ ಸೂಚ್ಯಂಕವನ್ನೂ ಫ್ರೀ ಫ್ಲೋಟ್ ಲೆಕ್ಕಕ್ಕೆ ಬದಲಾಯಿಸಲು ನಿರ್ಧರಿಸಿದ. ಹೊಸದೊಂದು ಮ್ಯೂಚುವಲ್ ಫಂಡ್ ಈ ಸೂಚ್ಯಂಕದ ತೂಕಗಳನ್ನೇ ನಕಲು ಮಾಡಿ ಷೇರು ಕೊಳ್ಳಲು ಹೊರಟಿತ್ತು. ಮಾರುಕಟ್ಟೆಯಲ್ಲಿ ಸಿಗದ ಷೇರನ್ನು ಲೆಕ್ಕಕ್ಕೆ ಹಿಡಿದರೆ ಅವರು ಕೊಳ್ಳುವುದು ಹೇಗೆ ಎಂಬುದು ಪ್ರಶ್ನೆ.

ನನಗೆ ತಲೆಬುಡ ಅರ್ಥವಾಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ತಂಗಿ ವಿವರಿಸಿದಳು.

"ಅಮ್ಮ ಶಂಕರಪುರದ ಹೂವಿನ ಕಟ್ಟೆಗೆ ಮಾರಲಿಕ್ಕೆ ಮಲ್ಲಿಗೆ ಕಳಿಸ್ತಿದ್ದದ್ದು ನೆನಪುಂಟಾ? ಅಲ್ಲಿ ದಿನಾ ರೇಟು ಮಾಡುವಾಗ ಊರಿನ ಗಿಡದಲ್ಲಿ ಒಟ್ಟು ಎಷ್ಟು ಹೂ ಉಂಟು ಅಂತ ಯಾರಾದರೂ ನೋಡ್ತಾರಾ?"

"ಇಲ್ಲ. ಕಟ್ಟಿದ ಹೂ ಎಷ್ಟು ಅಟ್ಟೆ ಬಂತು ಅಂತ ನೋಡ್ತಾರೆ."

"ಒಬ್ಬ ದೊಡ್ಡ ತೋಟದವ ನೂರು ಅಟ್ಟೆಯಲ್ಲಿ ಎಪ್ಪತ್ತನ್ನು ಮಗಳ ಮದುವೆಗೆ ಅಂತ ಮನೆಯಲ್ಲೇ ಇಟ್ಟ ಅಂತ ಇಟ್ಟುಕೋ. ಬೊಂಬಾಯಿಯ ವ್ಯಾಪಾರಿಗೆ ಸಿಗುವುದು ಮೂವತ್ತೇ ಅಲ್ವಾ? ನೂರು ಉಂಟು ಅಂತ ನಂಬಿ ಆರ್ಡರ್ ಹಾಕಿದರೆ?"

"ರೇಟು ಆಕಾಶಕ್ಕೆ ಹೋಗ್ತದೆ."

"ಇಷ್ಟೇ ಮಾರಾಯ. ಕಂಪನಿ ಕಟ್ಟಿದವರ ಹತ್ತಿರ, ಅವರ ಮನೆಯವರ ಹತ್ತಿರ ಇರುವ ಷೇರು ಮಾರಾಟಕ್ಕೆ ಬರುವುದಿಲ್ಲ. ಸರಕಾರ ಹಿಡಿತಕ್ಕೆ ಅಂತ ಇಟ್ಟುಕೊಂಡದ್ದು ಬರುವುದಿಲ್ಲ. ಇಷ್ಟು ಸಮಯ ಮಾರಬಾರದು ಅಂತ ಬೀಗ ಹಾಕಿದ್ದು ಬರುವುದಿಲ್ಲ. ಅದನ್ನೆಲ್ಲ ಕಳೆದು ಉಳಿದದ್ದೇ ಫ್ರೀ ಫ್ಲೋಟ್, ಅದಕ್ಕೆ ಮಾತ್ರ ತೂಕ."

ಪಕ್ಕದ ಮೇಜಿನ ಸಹೋದ್ಯೋಗಿ, ಹಿರಿಯಡ್ಕದವನು, ನಗುತ್ತ ಹೇಳಿದ: "ಅಣ್ಣನಿಗೆ ಟ್ಯೂಷನ್ ಫ್ರೀಯಾ? ನಮಗೂ ಸ್ವಲ್ಪ ಹೇಳಿ ಅಕ್ಕ."

"ನಿಂಗೆ ಎಂ.ಕಾಂ. ಆಗಿಯೂ ಗೊತ್ತಾಗಲಿಲ್ಲ ಅಂದರೆ ಅದು ಬೇರೆಯೇ ಕೇಸು" ಎಂದಳು ತಂಗಿ.

ಕಂಪನಿಗಳು ಮೂರು ತಿಂಗಳಿಗೊಮ್ಮೆ ಷೇರು ಯಾರ ಕೈಯಲ್ಲಿ ಎಷ್ಟಿದೆ ಎಂಬ ಪಟ್ಟಿ ಪ್ರಕಟಿಸುತ್ತವೆ. ಅದರಲ್ಲಿ ಪ್ರವರ್ತಕರದ್ದು, ಅಂದರೆ ಕಂಪನಿ ಕಟ್ಟಿದವರದ್ದು, ಒಂದು ಭಾಗ, ಸಾರ್ವಜನಿಕರದ್ದು ಇನ್ನೊಂದು ಭಾಗ. ಪ್ರವರ್ತಕರ ಭಾಗವನ್ನು ಕಳೆಯಲು ಓದು ಬೇಡ. ತೊಡಕಿರುವುದು ಸಾರ್ವಜನಿಕರ ಭಾಗದಲ್ಲಿ. ಅಲ್ಲಿ ದೊಡ್ಡ ಪಾಲು ಹಿಡಿದ ಬೇರೆ ಕಂಪನಿಗಳ ಹೆಸರಿರುತ್ತದೆ. ಲಾಭಕ್ಕೆ ಕೊಂಡು ಮಾರುವ ಕಂಪನಿಯಾದರೆ ಆ ಷೇರು ಮಾರುಕಟ್ಟೆಯದ್ದು. ತಂತ್ರಜ್ಞಾನ ಕೊಟ್ಟು ಆಡಳಿತ ಮಂಡಳಿಯಲ್ಲಿ ಕುರ್ಚಿ ಹಾಕಿ ಕೂತ ಪಾಲುದಾರನಾದರೆ, ಕಾಗದದ ಮೇಲೆ ಸಾರ್ವಜನಿಕ ಎಂದಿದ್ದರೂ ಆ ಷೇರು ಮಾರಾಟಕ್ಕೆ ಬರುವುದಲ್ಲ, ಕಳೆಯಬೇಕು. ಯಾವುದು ಯಾವುದೆಂದು ತಿಳಿಯಲು ಕಂಪನಿಯ ವಾರ್ಷಿಕ ವರದಿ ತೆರೆದು ಓದಬೇಕು. ಇನ್ನೂರು, ಮುನ್ನೂರು ಪುಟ, ಎಲ್ಲ ಇಂಗ್ಲಿಷು.

ಇಂಥ ಹದಿನಾಲ್ಕು ಹೆಸರುಗಳು ನನ್ನ ಪಾಲಿಗೆ ಬಂದವು. ನಾನು ಒಂದು ಉಪಾಯ ಕಂಡುಕೊಂಡಿದ್ದೆ. ವರದಿ ತೆರೆದು, ಹುಡುಕುವ ಜಾಗದಲ್ಲಿ ಆ ಪಾಲುದಾರ ಕಂಪನಿಯ ಹೆಸರು ಹೊಡೆಯುವುದು. ಹೆಸರು ಸಿಕ್ಕ ಪುಟಗಳನ್ನು ಮಾತ್ರ ಓದುವುದು. ನಿರ್ದೇಶಕ, ಒಪ್ಪಂದ, ನೇಮಕ ಎಂಬ ಇಂಗ್ಲಿಷ್ ಪದಗಳು ನನಗೆ ಗುರುತಾಗುತ್ತಿದ್ದವು. ಅಷ್ಟು ಸಾಕಾಗುತ್ತಿತ್ತು. ಹದಿಮೂರು ಹೆಸರುಗಳನ್ನು ಹೀಗೆ ಸರಿಯಾಗಿಯೇ ಮುಗಿಸಿದೆ.

ಉಳಿದೊಂದು ಕಂಪನಿಯ ವರದಿಯಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಸಂಬಂಧವಿಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ಯಾಕೋ ಸಂಶಯ ಬಂದು, ವರದಿ ಹೊರಡಿಸಿದ ಕಂಪನಿಯ ಹೆಸರನ್ನೇ ಹೊಡೆದು ಹುಡುಕಿದೆ. ಅದೂ ಸಿಗಲಿಲ್ಲ. ಮುಖಪುಟದಲ್ಲಿ ದೊಡ್ಡಕ್ಷರದಲ್ಲಿ ಕಾಣುತ್ತಿದ್ದ ಹೆಸರು ಕಂಪ್ಯೂಟರಿಗೆ ಕಾಣುತ್ತಿರಲಿಲ್ಲ. ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸಿದ್ದರು. ಪ್ರತಿ ಪುಟವೂ ಬರೀ ಚಿತ್ರ. ಜೆರಾಕ್ಸ್ ಅಂಗಡಿಯಲ್ಲಿದ್ದವನಿಗೆ ಇದು ಗೊತ್ತಾಗಲು ಒಂದು ನಿಮಿಷವೂ ಬೇಡ.

ಅಂದರೆ ಇನ್ನೂರ ಅರವತ್ತು ಪುಟಗಳನ್ನು ಕಣ್ಣಿನಲ್ಲೇ ಓದಬೇಕಿತ್ತು. ಇಲ್ಲವೇ ಮೂರು ಮೇಜು ಆಚೆ ಕೂತಿದ್ದ ತಂಗಿಯನ್ನು ಕರೆಯಬೇಕಿತ್ತು. ಸುತ್ತ ಎಲ್ಲರೂ ಡಿಗ್ರಿಯವರು. ಅವರ ಎದುರು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಇಂಗ್ಲಿಷ್ ಓದುವುದು ನನಗೆ ಬೇಡವಾಗಿತ್ತು. ತಂಗಿಯನ್ನು ಕರೆಯುವುದೂ ಬೇಡವಾಗಿತ್ತು. ಷರಾ ಬರೆಯುವ ಜಾಗದಲ್ಲಿ "ವರದಿ ನೋಡಿದೆ, ಸಂಬಂಧ ಇಲ್ಲ" ಎಂದು ಬರೆದು ಫೈಲು ಕಳಿಸಿದೆ.

ಅವಳು ನನ್ನ ಮೇಜಿನ ಹತ್ತಿರ ಬಂದು ಕೇಳಿದಳು. "ಇದರಲ್ಲಿ ಇಪ್ಪತ್ತೈದು ಪರ್ಸೆಂಟ್ ಒಂದೇ ವಿದೇಶಿ ಕಂಪನಿಯ ಕೈಯಲ್ಲಿ ಉಂಟಲ್ಲ, ಸರಿಯಾಗಿ ನೋಡಿದ್ದೀಯಾ?"

"ನೋಡಿದ್ದೇನೆ."

"ಪೂರ್ತಿ?"

"ಪೂರ್ತಿ ಮಾರಾಯ್ತಿ. ಎಷ್ಟು ಸಲ ಹೇಳಬೇಕು?"

ಅವಳು ಸಹಿ ಹಾಕಿದಳು.

ಆ ಕಂಪನಿಯಲ್ಲಿ ನೂರಕ್ಕೆ ಐವತ್ತು ಷೇರು ಪ್ರವರ್ತಕರದ್ದು. ಇಪ್ಪತ್ತೈದು ಆ ವಿದೇಶಿ ಪಾಲುದಾರನದ್ದು. ನಿಜವಾಗಿ ಮಾರುಕಟ್ಟೆಯಲ್ಲಿ ಓಡಾಡುತ್ತಿದ್ದದ್ದು ಇಪ್ಪತ್ತೈದು. ನಮ್ಮ ಫೈಲಿನಲ್ಲಿ ಹೋದದ್ದು ಐವತ್ತು. ಹಾಗಾಗಿ ಇರಬೇಕಾದುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ತೂಕ ಅದಕ್ಕೆ ಸಿಕ್ಕಿತು. ಹೊಸ ಲೆಕ್ಕ ಜಾರಿಗೆ ಬಂದ ದಿನ ಆ ಫಂಡಿನವರು ಅಷ್ಟು ತೂಕಕ್ಕೆ ತಕ್ಕಷ್ಟು ಷೇರು ಕೊಳ್ಳಲು ಇಳಿದರು. ಮಾರುವವರು ಕಡಿಮೆ. ಬೆಲೆ ಏರಿತು. ಏರಿದ ಬೆಲೆಗೇ ಕೊಂಡರು. ಮಾರನೇ ದಿನ ಅವರ ಕಡೆಯವರೊಬ್ಬರು ಮುಂಬೈ ಸಂಸ್ಥೆಗೆ ಫೋನ್ ಮಾಡಿ, ಈ ಕಂಪನಿಯಲ್ಲಿ ಅರ್ಧದಷ್ಟು ಷೇರು ಮಾರಾಟಕ್ಕುಂಟು ಎಂದು ಯಾರು ಹೇಳಿದ್ದು, ವಿದೇಶಿ ಪಾಲುದಾರನ ಇಬ್ಬರು ಮಂಡಳಿಯಲ್ಲೇ ಇದ್ದಾರಲ್ಲ ಎಂದು ಕೇಳಿದರಂತೆ. ತಿದ್ದುಪಡಿ ಹೊರಟಿತು. ತೂಕ ಇಳಿಸಿದ ಮೇಲೆ ಫಂಡಿನವರು ಹೆಚ್ಚಾಗಿ ಕೊಂಡದ್ದನ್ನು ಮಾರಬೇಕಾಯಿತು. ಮಾರುವಾಗ ಬೆಲೆ ಇಳಿಯಿತು. ಎರಡೂ ಕಡೆ ಅವರಿಗೇ ನಷ್ಟ.

ಮ್ಯಾನೇಜರ್ ನಮ್ಮಿಬ್ಬರನ್ನೂ ಒಳಗೆ ಕರೆದರು. ಮುಂಬೈಯವರು ಫೋನಿನಲ್ಲಿದ್ದರು. ಆ ವರದಿಯ ಪುಟ ಎಂಬತ್ತೊಂದರಲ್ಲಿ ಇಬ್ಬರು ನಿರ್ದೇಶಕರ ಹೆಸರಿನ ಎದುರೇ ಅವರನ್ನು ನೇಮಿಸಿದ ಪಾಲುದಾರ ಕಂಪನಿಯ ಹೆಸರೂ ಇತ್ತು.

"ಇದನ್ನು ನೋಡಿದವರು ಯಾರು?" ಎಂದು ಫೋನಿನಲ್ಲಿದ್ದವರು ಕೇಳಿದರು.



"ಅಣ್ಣ ಓದಿದ್ದಾನೆ ಸರ್, ಆದರೆ ಅವನಿಗೆ ಇಂಗ್ಲಿಷ್ ಸ್ವಲ್ಪ ಕಷ್ಟ" ಎಂದಳು ತಂಗಿ. "ಗೊತ್ತಿದ್ದೂ ನಾನು ಇನ್ನೊಮ್ಮೆ ಓದಲಿಲ್ಲ. ಸಹಿ ನನ್ನದು. ತಪ್ಪು ನನ್ನದೇ."

ಆಗ ಬಾಯಿ ಬಿಡಬಹುದಿತ್ತು. ಓದಿ ಅರ್ಥವಾಗದೆ ಹೋಯಿತು ಎಂದರೆ ಜನ ಕನಿಕರ ಪಡುತ್ತಾರೆ. ಓದಲೇ ಇಲ್ಲ ಎಂದರೆ ಪಡುವುದಿಲ್ಲ. ನನಗೆ ಆ ಕನಿಕರ ಹಿತವಾಗಿತ್ತು. ಸುಮ್ಮನಿದ್ದೆ.

ಆ ಸಮಯದಲ್ಲಿ ಗಿರಾಕಿ ಇನ್ನೂ ನಾಲ್ಕು ಸೂಚ್ಯಂಕಗಳ ಕೆಲಸ ಕೊಡುವವನಿದ್ದ. ಅದಕ್ಕೊಂದು ಹೊಸ ತಂಡ, ಅದರ ಮುಖ್ಯಸ್ಥೆ ತಂಗಿ ಎಂದು ಬಾಯಿಮಾತಿನಲ್ಲಿ ನಿಕ್ಕಿಯಾಗಿತ್ತು. ಅವಳು ಆರು ವರ್ಷ ಕಾದದ್ದು ಅದಕ್ಕೆ. ಈಗ ಮ್ಯಾನೇಜರ್, "ಸೋಮವಾರ ತೀರ್ಮಾನ ಮಾಡುವ" ಎಂದರು. ಪಟ್ಟಿಯಲ್ಲಿ ಹಿರಿಯಡ್ಕದವನ ಹೆಸರೂ ಸೇರಿತು.

ಭಾನುವಾರ ಬೆಳಿಗ್ಗೆ ನಾನು ಕಾಪುವಿನಿಂದ ಉಡುಪಿಗೆ ಹೋಗಿ, ಅಲ್ಲಿಂದ ಕಾರ್ಕಳದ ಬಸ್ಸು ಹಿಡಿದೆ. ತಂಗಿಯನ್ನು ಕೊಟ್ಟದ್ದು ಕಾರ್ಕಳಕ್ಕೆ. ಅವಳು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಬಾವ ಮನೆಯಲ್ಲಿರಲಿಲ್ಲ. ನಾನು ನಿಂತಲ್ಲೇ ಹೇಳಿದೆ. ಹುಡುಕಿದರೆ ಸಿಗದೆ ಹೋದದ್ದು, ಕಂಪನಿಯ ಹೆಸರನ್ನೇ ಹೊಡೆದು ಪರೀಕ್ಷಿಸಿದ್ದು, ಚಿತ್ರ ಎಂದು ತಿಳಿದದ್ದು, ತಿಳಿದೂ ಬರೆದದ್ದು.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಬಕೆಟಿಗೆ ಹಾಕಿದಳು.

"ಒಂದು ಪುಟವೂ ಓದಲಿಲ್ಲವಾ?"

"ಮುಖಪುಟ."

"ನಾನು ಬಂದು ಕೇಳಿದೆನಲ್ಲ ಅಣ್ಣ."

"ಹೌದು."

"ನಿನಗೆ ಇಂಗ್ಲಿಷ್ ಬರುವುದಿಲ್ಲ ಅಂತ ಅಷ್ಟು ಜನರ ಮುಂದೆ ಹೇಳಿದೆ. ಹೇಳಿ ಬಂದು ಎರಡು ದಿನ ಊಟ ಸೇರಲಿಲ್ಲ ನನಗೆ. ನಿನ್ನ ಮರ್ಯಾದೆ ತೆಗೆದೆ ಅಂತ." ಬಕೆಟನ್ನು ಬದಿಗೆ ಸರಿಸಿ, "ನನಗೆ ಹೇಳಿ ಎಂತ ಆಗ್ತದೆ? ಸರ್‌ಗೆ ಹೇಳು. ಇವತ್ತೇ ಮೇಲ್ ಹಾಕು. ನಾಳೆ ಹತ್ತು ಗಂಟೆಗೆ ಅವರು ಕೂತುಕೊಳ್ಳುವುದು" ಎಂದಳು.

"ಹಾಕ್ತೇನೆ."

"ಕನ್ನಡದಲ್ಲೇ ಹಾಕು. ಅವರಿಗೆ ಓದಲಿಕ್ಕೆ ಬರ್ತದೆ."

ಊಟಕ್ಕೆ ನಿಲ್ಲು ಎಂದು ಅವಳು ಹೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲೇ ಮೊಬೈಲಿನಲ್ಲಿ ಬರೆದೆ. ಆರೇ ಸಾಲು. ಮನೆ ಮುಟ್ಟಿದ ಮೇಲೆ ಕಳಿಸುತ್ತೇನೆ ಎಂದುಕೊಂಡೆ. ಮನೆ ಮುಟ್ಟಿದ ಮೇಲೆ, ಬೆಳಿಗ್ಗೆ ಆಫೀಸಿನಲ್ಲೇ ಹೇಳುವುದು ಮರ್ಯಾದೆ ಎಂದುಕೊಂಡೆ. ಸೋಮವಾರ ಹತ್ತು ಗಂಟೆಗೆ ಮ್ಯಾನೇಜರ್ ಕೋಣೆಯ ಬಾಗಿಲು ಹಾಕಿಕೊಂಡಿತು. ನಾನು ನನ್ನ ಜಾಗದಲ್ಲಿ ಕೂತು ಇನ್ಯಾವುದೋ ಕಂಪನಿಯ ಒಟ್ಟು ಷೇರಿನ ಸಂಖ್ಯೆ ತುಂಬಿಸುತ್ತಿದ್ದೆ. ತಂಗಿ ಎರಡು ಸಲ ತಿರುಗಿ ನೋಡಿದಳು. ಕಳಿಸಿದ್ದೇನೆ ಎಂಬಂತೆ ನಾನು ತಲೆಯಾಡಿಸಿದೆ. ತಪ್ಪು ಷರಾ ಬರೆದದ್ದಕ್ಕಿಂತ ಆ ತಲೆಯಾಡಿಸಿದ್ದು ನನ್ನನ್ನು ಹೆಚ್ಚು ಕಾಡುತ್ತದೆ.

ಹನ್ನೊಂದೂವರೆಗೆ ಹಿರಿಯಡ್ಕದವನಿಗೆ ಹೊಸ ತಂಡ ಸಿಕ್ಕಿತು ಎಂದು ಗೊತ್ತಾಯಿತು.

ಮಂಗಳವಾರ ಮೇಲ್ ಕಳಿಸಿದೆ. ಮ್ಯಾನೇಜರ್ ನನ್ನನ್ನು ಕರೆದು ಬೈಯಲಿಲ್ಲ. "ನಿನ್ನೆ ಇದು ಬಂದಿದ್ದರೆ ನಾನು ಹೊಸ ತಂಡ ನಿಮ್ಮ ತಂಗಿಗೇ ಕೊಡ್ತಿದ್ದೆ. ಈಗ ಮುಂಬೈಗೆ ಹೆಸರು ಹೋಗಿ ಆಯ್ತು" ಎಂದರು. ನನ್ನನ್ನು ಷೇರುದಾರರ ಪಟ್ಟಿಯ ಕೆಲಸದಿಂದ ತೆಗೆದು ಬರೀ ಬೆಲೆ ತುಂಬಿಸುವ ಕೆಲಸಕ್ಕೆ ಹಾಕಿದರು. ಇನ್ನು ಮುಂದೆ ಷರಾದಲ್ಲಿ "ನೋಡಿದೆ" ಎಂದರೆ ಸಾಲದು, ಪುಟದ ಸಂಖ್ಯೆ ಬರೆಯಬೇಕು ಎಂದು ಎಲ್ಲರಿಗೂ ಸುತ್ತೋಲೆ ಹೊರಡಿಸಿದರು.

ಮೇಲ್ ಹೋದದ್ದು ಯಾವ ದಿನ ಎಂದು ಅವರಿಂದಲೇ ತಂಗಿಗೆ ಗೊತ್ತಾಯಿತು. ಅವಳು ಈಗಲೂ ಅದೇ ತಂಡದಲ್ಲಿ, ಅದೇ ಮೇಜಿನಲ್ಲಿ ಇದ್ದಾಳೆ. ಹಬ್ಬಕ್ಕೆ ಕಾಪುವಿಗೆ ಬರುತ್ತಾಳೆ, ನನ್ನ ಹೆಂಡತಿಯ ಹತ್ತಿರ ಮಾತಾಡುತ್ತಾಳೆ. ಆಫೀಸಿನಲ್ಲಿ ನನ್ನನ್ನು "ನೀವು" ಎನ್ನುತ್ತಾಳೆ. ನಾನು ಕಳಿಸಿದ ಬೆಲೆಗಳ ಫೈಲು ಮೊದಲು ಅವಳ ಹತ್ತಿರವೇ ಹೋಗುತ್ತದೆ. ಮೊದಲೆಲ್ಲ ಹತ್ತಕ್ಕೆ ಒಂದನ್ನು ತಾಳೆ ನೋಡಿ ಸಹಿ ಹಾಕುತ್ತಿದ್ದಳು. ಈಗ ಪ್ರತಿಯೊಂದನ್ನೂ ನೋಡುತ್ತಾಳೆ.